ಸಪ್ಲೈಯರ್ ಕೊಟ್ಟ ಹೆಡ್‌ಫೋನ್, ಸ್ಟೇಟಸ್‌ನಲ್ಲಿ ಫೋಟೋ, ಮುಂದಿನ ತಿಂಗಳು ಕಾಂಟ್ರಾಕ್ಟ್: ನೀತಿ ಸಂಹಿತೆ ಹೇಗೆ ಬರೀಬೇಕು?

ಕಡತಗಾರ್ತಿ
ನಮ್ದು ಚಿಕ್ಕ ಕಂಪನಿ, ಓನರ್ ಸೇರಿ 14 ಜನ. ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ, ಅಡ್ಮಿನ್ ಕೆಲಸ ಮಾಡೋ ನಾನೇ ಎಲ್ಲಾ. ಈಗ ಓನರ್ ನನ್ನ ಕರೆದು ನೌಕರರಿಗೆ ಒಂದು ನೀತಿ ಸಂಹಿತೆ ಬರೆದು ಕೊಡು ಅಂದಿದ್ದಾರೆ. ಉಡುಗೊರೆ, ಹಿತಾಸಕ್ತಿ ಸಂಘರ್ಷ, ಸೋಶಿಯಲ್ ಮೀಡಿಯಾ, ಮೂರೂ ಬರಬೇಕಂತೆ.

ಇದು ಶುರುವಾಗಿದ್ದು ಹೀಗೆ. ಪರ್ಚೇಸ್ ನೋಡ್ಕೊಳ್ಳೋ ಸಹೋದ್ಯೋಗಿಗೆ ಪ್ಯಾಕಿಂಗ್ ಬಾಕ್ಸ್ ಸಪ್ಲೈ ಮಾಡೋ ಕಂಪನಿಯ ಸೇಲ್ಸ್‌ನವರು ಒಳ್ಳೇ ಹೆಡ್‌ಫೋನ್ ಕೊಟ್ರು, ಇವರು ಅದರ ಫೋಟೋ ಹಾಕಿ ಆ ಕಂಪನಿಗೆ ಥ್ಯಾಂಕ್ಸ್ ಹೇಳಿ ಸ್ಟೇಟಸ್ ಹಾಕಿದ್ರು. ಅದೇ ಕಾಂಟ್ರಾಕ್ಟ್‌ಗೆ ಕೊಟೇಶನ್ ಕೊಡೋಕೆ ಕೂತಿದ್ದ ಇನ್ನೊಂದು ಕಂಪನಿಯವರು ಸ್ಕ್ರೀನ್‌ಶಾಟ್ ತೆಗೆದು ಸೀದಾ ಓನರ್‌ಗೆ ಕಳ್ಸಿದ್ರು, "ನಾವು ಕೊಟೇಶನ್ ಕೊಡೋದ್ರಲ್ಲಿ ಅರ್ಥ ಇದ್ಯಾ" ಅಂತ ಕೇಳಿ. ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು, ಆ ಬಾಕ್ಸ್ ಕಂಪನಿಯಲ್ಲಿ ಇವರ ಭಾವಮೈದ ಪಾಲುದಾರ. ಇದುವರೆಗೂ ಇದರ ಬಗ್ಗೆ ನಮ್ಮಲ್ಲಿ ಒಂದು ಸಾಲಿನ ನಿಯಮಾನೂ ಇರಲಿಲ್ಲ. ಕಾಂಟ್ರಾಕ್ಟ್ ನವೀಕರಣ ಮುಂದಿನ ತಿಂಗಳು.

ನನ್ನ ಪ್ರಶ್ನೆ ಎರಡು. ಉಡುಗೊರೆಗೆ ಎಷ್ಟು ಮಿತಿ ಇಡಬೇಕು? ಈ ಸಹೋದ್ಯೋಗಿ ಮೇಲೆ ಹೊಸ ನಿಯಮದಲ್ಲಿ ಕ್ರಮ ತಗೋಬಹುದಾ?

ಹೊಸಬ_ನೋಡಿ
ನಮ್ ಕಂಪನೀಲಿ ವರ್ಷಕ್ಕೊಂದ್ ಸಲ ಎಲ್ರಿಗೂ ಒಂದೇ ಥರ ಬ್ಯಾಗ್ ಕೊಡ್ತಾರೆ, ಜಗಳಾನೇ ಇಲ್ಲ. ನೀವೂ ಹಾಗೇ ಮಾಡಿ.

ಕಡತಗಾರ್ತಿ
ಕಂಪನಿ ನೌಕರರಿಗೆ ಕೊಡೋದಲ್ಲ ರೀ, ಹೊರಗಿನವರು ನಮ್ಮ ನೌಕರರಿಗೆ ಕೊಡೋದು.

ಹೊಸಬ_ನೋಡಿ
ಓಹ್ ಸರಿ ಸರಿ.

ನೇರಮಾತು
ಇದಕ್ಕೆಲ್ಲಾ ಪುಟಗಟ್ಟಲೆ ಯಾಕೆ? "ಯಾರೂ ಯಾರಿಂದಲೂ ಏನೂ ತಗೋಬಾರದು" ಅಂತ ಒಂದೇ ಸಾಲು ಬರೀರಿ, ಮುಗೀತು.

ಗೋದಾಮು_ಗೆಳತಿ
@ನೇರಮಾತು ಆ ಒಂದು ಸಾಲು ನಮ್ಮ ಹಳೇ ಕಂಪನೀಲಿ ಇತ್ತು. ಸಪ್ಲೈಯರ್ ಹೆಸರಿನ ಪೆನ್ನು, ಕ್ಯಾಲೆಂಡರ್ ಎಲ್ಲಾ ಟೇಬಲ್ ಮೇಲೆ ಎಲ್ರೂ ಇಟ್ಕೊಂಡಿರ್ತಿದ್ರು, ಅಂದ್ರೆ ಮೊದಲನೇ ದಿನದಿಂದಲೇ ಎಲ್ರೂ ನಿಯಮ ಮುರಿದವರೇ. ಆಮೇಲೆ ನಿಜವಾಗ್ಲೂ ದೊಡ್ಡದು ತಗೊಂಡವರನ್ನ ಕೇಳಿದಾಗ "ನಿಮ್ಮ ಟೇಬಲ್ ಮೇಲಿರೋ ಕ್ಯಾಲೆಂಡರ್ ಏನು" ಅಂತ ತಿರುಗಿ ಕೇಳಿದ್ರು, ಮೇನೇಜರ್ ಹತ್ರ ಉತ್ತರ ಇರಲಿಲ್ಲ. ಪಾಲಿಸೋಕಾಗದ ನಿಯಮ ಬರೆದ್ರೆ ಪಾಲಿಸಬೇಕಾದ ನಿಯಮಾನೂ ಅದರ ಜೊತೆಗೇ ಹೋಗುತ್ತೆ.

ರಶೀದಿ_ಪುಸ್ತಕ
ಮಿತಿ ಅಂತ ಒಂದು ಮೊತ್ತ ಹಾಕಿ, ಅದಕ್ಕಿಂತ ಕಡಿಮೆ ಇದ್ರೆ ಓಕೆ, ಜಾಸ್ತಿ ಇದ್ರೆ ವಾಪಸ್. ಸಿಂಪಲ್. ಇನ್ನೊಂದು, ತಗೊಂಡವರು ಪ್ರತಿಯಾಗಿ ಏನೂ ಮಾಡಿಕೊಡದೇ ಇದ್ರೆ ಅದು ಲಂಚ ಆಗಲ್ಲ, ಹಾಗಾಗಿ ನಿಮ್ಮ ಸಹೋದ್ಯೋಗಿ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಡಿ.

ಒಳಲೆಕ್ಕ
ಇಪ್ಪತ್ತು ವರ್ಷಕ್ಕೂ ಮೇಲೆ ಚಿಕ್ಕ ಕಂಪನಿಗಳ ಆಡಿಟ್ ಮಾಡಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

@ರಶೀದಿ_ಪುಸ್ತಕ ಮಿತಿ ಇರಬೇಕು ಅನ್ನೋದು ಸರಿ, ಅದೊಂದೇ ಸಾಕು ಅನ್ನೋದು ತಪ್ಪು. ಮಿತಿಗಿಂತ ಸ್ವಲ್ಪ ಕಡಿಮೆ ಬೆಲೇದನ್ನ ತಿಂಗಳಿಗೊಂದು ಕೊಟ್ರೆ? ಅಮೆರಿಕದ ಕೇಂದ್ರ ಸರ್ಕಾರಿ ನೌಕರರ ನಿಯಮದಲ್ಲಿ ಇದಕ್ಕೇ ಎರಡು ಅಂಕಿ ಇಟ್ಟಿದ್ದಾರೆ, ಒಂದು ಸಲಕ್ಕೆ 20 ಡಾಲರ್, ಒಬ್ಬರೇ ಕೊಡುವವರಿಂದ ವರ್ಷಕ್ಕೆ ಒಟ್ಟು 50 ಡಾಲರ್. ನಗದಿಗೆ ಆ ರಿಯಾಯಿತಿ ಇಲ್ಲವೇ ಇಲ್ಲ. ಆ ಮೊತ್ತಗಳನ್ನೇ ನೀವು ಇಡಬೇಕಂತಿಲ್ಲ, ಒಂದು ಸಲದ್ದು ಬೇರೆ ವರ್ಷದ್ದು ಬೇರೆ ಅನ್ನೋ ರಚನೆ ಮಾತ್ರ ತಗೊಳ್ಳಿ. ನಾನು ಕ್ಲೈಂಟುಗಳಿಗೆ ಹೇಳೋದು, ನಿಮ್ಮಲ್ಲಿ ಅತಿ ಕಡಿಮೆ ಸಂಬಳ ಇರೋರ ಅರ್ಧ ದಿನದ ದುಡಿಮೆಗಿಂತ ಮೇಲೆ ಹೋಗಬೇಡಿ ಅಂತ. ಯಾಕಂದ್ರೆ ಓನರ್‌ಗೆ ಚಿಕ್ಕದಾಗಿ ಕಾಣೋ ಮೊತ್ತ ಅವರಿಗೆ ಚಿಕ್ಕದಲ್ಲ.

ಮಿತಿಗಿಂತ ಮುಖ್ಯವಾದದ್ದು ಸಮಯ. ಕೊಟೇಶನ್ ಕರೆದ ದಿನದಿಂದ ಆರ್ಡರ್ ಸಹಿ ಆಗೋ ದಿನದವರೆಗೆ, ಆ ತೀರ್ಮಾನದಲ್ಲಿ ಕೈ ಇರೋ ಯಾರೂ ಆ ಕೊಟೇಶನ್ ಕೊಡುವವರಿಂದ ಏನೂ ತಗೋಬಾರದು, ಪೆನ್ನು ಕೂಡ. ನಿಮ್ಮ ಹೆಡ್‌ಫೋನ್ ಕೇಸಲ್ಲಿ ಅರ್ಧ ಬೆಲೇದಾಗಿದ್ರೂ ಆ ಇನ್ನೊಂದು ಕಂಪನಿಯವರು ಸ್ಕ್ರೀನ್‌ಶಾಟ್ ಕಳಿಸ್ತಾನೇ ಇದ್ರು, ಯಾಕಂದ್ರೆ ಅವರ ಕಣ್ಣಿಗೆ ಬಿದ್ದಿದ್ದು ಬೆಲೆ ಅಲ್ಲ, ತಿಂಗಳು.

ಇನ್ನು "ಪ್ರತಿಯಾಗಿ ಏನೂ ಮಾಡದಿದ್ರೆ ಲಂಚ ಅಲ್ಲ" ಅನ್ನೋದು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆ ಖಾಸಗಿ ಕಂಪನಿಗಳಿಗೂ ಅನ್ವಯ ಆಗುತ್ತೆ, ಕೆಲಸವನ್ನ ಅನುಚಿತವಾಗಿ ಮಾಡೋ ಉದ್ದೇಶದಿಂದ ಕೇಳಿದ್ರೆ ಅಥವಾ ಒಪ್ಪಿಕೊಂಡ್ರೆ ಸಾಕು, ಕೆಲಸ ಮಾಡಿಕೊಟ್ಟೇ ತೋರಿಸ್ಬೇಕು ಅಂತಿಲ್ಲ. ಅದಿರಲಿ, ನೀತಿ ಸಂಹಿತೆ ಬರೆಯೋದು ಅಪರಾಧ ಸಾಬೀತು ಮಾಡೋಕಲ್ಲ. ನೋಡುವವರಿಗೆ ಅನುಮಾನ ಬರೋ ಜಾಗದಲ್ಲಿ ನಮ್ಮವರು ನಿಂತ್ಕೊಳ್ಳದ ಹಾಗೆ ನೋಡಿಕೊಳ್ಳೋಕೆ.

ರಶೀದಿ_ಪುಸ್ತಕ
ಒಂದು ಹೆಡ್‌ಫೋನ್‌ಗೆ ಯಾರಾದ್ರೂ ತಮ್ಮ ತೀರ್ಮಾನ ಬದಲಾಯಿಸ್ತಾರಾ ಸರ್? ನಂಬೋಕಾಗಲ್ಲ.

ಮೂರನೇ_ಮಹಡಿ
ಬದಲಾಯಿಸ್ತಾರೆ, ಅವರಿಗೇ ಗೊತ್ತಿಲ್ಲದೆ. 2016ರಲ್ಲಿ ಅಮೆರಿಕದ ಸುಮಾರು 2 ಲಕ್ಷ 80 ಸಾವಿರ ಡಾಕ್ಟರುಗಳ ದಾಖಲೆ ನೋಡಿದ ಅಧ್ಯಯನ ಬಂತು. ಔಷಧ ಕಂಪನಿಯವರು ಒಂದೇ ಒಂದು ಊಟ ಕೊಡಿಸಿದ ಡಾಕ್ಟರುಗಳು ಆ ಕಂಪನಿಯ ಬ್ರಾಂಡ್ ಔಷಧಿಯನ್ನ ಬೇರೆಯವರಿಗಿಂತ ಜಾಸ್ತಿ ಬರೆದಿದ್ರು. ಊಟದ ಸರಾಸರಿ ಬೆಲೆ 20 ಡಾಲರ್‌ಗಿಂತ ಕಡಿಮೆ. ಡಾಕ್ಟರುಗಳ ಸಂಬಳಕ್ಕೆ ಅದು ಯಾವ ಲೆಕ್ಕ?

ರಶೀದಿ_ಪುಸ್ತಕ
ಆ ಔಷಧಿ ಇಷ್ಟ ಇರೋ ಡಾಕ್ಟರೇ ಆ ಊಟಕ್ಕೆ ಹೋಗಿರಬಹುದಲ್ವಾ? ಊಟದಿಂದಾನೇ ಬರೆದ್ರು ಅಂತ ಹೇಗೆ ಹೇಳ್ತೀರಾ?

ಮೂರನೇ_ಮಹಡಿ
ಅದು ಸರಿಯಾದ ಪ್ರಶ್ನೆ, ಆ ಅಧ್ಯಯನ ಕೂಡ ಸಂಬಂಧ ಇದೆ ಅಂತ ಹೇಳುತ್ತೆ, ಕಾರಣ ಅಂತ ಹೇಳಲ್ಲ. ಆದ್ರೂ ಕಂಪನಿಗಳು ಸುಮ್ಮನೆ ದುಡ್ಡು ಖರ್ಚು ಮಾಡ್ತವಾ ಅಂತ ನೀವೇ ಯೋಚಿಸಿ.

ನೇರಮಾತು
ವಿಷಯ ಎಲ್ಲೆಲ್ಲೋ ಹೋಯ್ತು. ಭಾವಮೈದ ಪಾಲುದಾರ ಅಂತ ಮುಚ್ಚಿಟ್ಟಿದ್ದಾರಲ್ಲ, ಅದು ಮೋಸ. ನಿಯಮ ಇರಲಿ ಬಿಡಲಿ, ಕೆಲಸದಿಂದ ತೆಗೀರಿ.

ಒಳಲೆಕ್ಕ
ತಡೀರಿ. ಅವರು ಮುಚ್ಚಿಟ್ರಾ, ಅಥವಾ ಯಾರೂ ಕೇಳಲಿಲ್ವಾ? ಎರಡೂ ಒಂದೇ ಅಲ್ಲ. ಸಂಬಂಧಿಕರು ವ್ಯಾಪಾರ ಮಾಡೋದು ಯಾರ ತಪ್ಪೂ ಅಲ್ಲ, 14 ಜನರ ಕಂಪನೀಲಿ ಇಂಥದ್ದು ಇದ್ದೇ ಇರುತ್ತೆ. ಅದನ್ನ ಹೇಳದೆ ತೀರ್ಮಾನದ ಮೇಜಿಗೆ ಬಂದು ಕೂರೋದು ತಪ್ಪು. ಹೇಳೋಕೆ ಒಂದು ಫಾರಂ, ಒಬ್ಬ ವ್ಯಕ್ತಿ, ಒಂದು ದಿನಾಂಕ ಇದ್ದೂ ಹೇಳದೇ ಇದ್ರೆ ಆಗ ಮುಚ್ಚಿಟ್ಟಿದ್ದು ಅನ್ನಬಹುದು. ಇವತ್ತು ಬರೆದ ನಿಯಮದಲ್ಲಿ ಹೋದ ವರ್ಷದ ಕೆಲಸಕ್ಕೆ ಶಿಕ್ಷೆ ಕೊಟ್ರೆ ಉಳಿದ 12 ಜನ ಕಲಿಯೋ ಪಾಠ ಒಂದೇ, ಏನೂ ಹೇಳಬೇಡ, ಹೇಳಿದ್ರೆ ಸಿಕ್ಕಿಹಾಕ್ಕೊಳ್ತೀಯ ಅಂತ.

ನಾನು ಮಾಡಿಸೋದು ಹೀಗೆ. ಸಂಹಿತೆ ಜಾರಿಗೆ ಬಂದ ದಿನದಿಂದ 30 ದಿನ ಎಲ್ಲರಿಗೂ, ಓನರ್‌ಗೂ ಸೇರಿ, ಘೋಷಣೆಗೆ ಸಮಯ. ಆ 30 ದಿನದಲ್ಲಿ ಹೇಳಿದ ಹಳೇ ಸಂಬಂಧಕ್ಕೆ, ಹಳೇ ಉಡುಗೊರೆಗೆ ಈ ಸಂಹಿತೆಯಡಿ ಕ್ರಮ ಇಲ್ಲ. ಆಮೇಲೆ ಗೊತ್ತಾದ್ರೆ ಇದೆ.

ನೇರಮಾತು
ಪರ್ಚೇಸ್ ಕುರ್ಚಿಯಲ್ಲಿ ಕೂತವರಿಗೆ ಇದನ್ನ ಬರೆದು ಹೇಳ್ಬೇಕಾ? ನಾನು ಒಪ್ಪಲ್ಲ. ಒಂದೇ ಮನೆಯಲ್ಲಿ ಊಟಕ್ಕೆ ಕೂರೋರ ಹತ್ರ ಕಂಪನಿ ದುಡ್ಡಲ್ಲಿ ಖರೀದಿ ಮಾಡ್ತಾ ಒಂದು ಮಾತೂ ಹೇಳದೇ ಇರೋರಿಗೆ ಕ್ಷಮೆ ಯಾಕೆ.

ಒಳಲೆಕ್ಕ
ಕ್ಷಮೆ ಅಲ್ಲ. ಹಳೇ ಖರೀದಿಯಲ್ಲಿ ಕಂಪನಿಗೆ ನಿಜವಾಗಿ ನಷ್ಟ ಮಾಡಿದ್ರೆ ಅದು ಸಂಹಿತೆಯ ವಿಷಯವೇ ಅಲ್ಲ, ಬೇರೆ ವಿಚಾರಣೆ. ಅದಕ್ಕೆ ಮೊದಲು ಕಡತ ನೋಡಬೇಕು.

ಕಡತಗಾರ್ತಿ
@ಒಳಲೆಕ್ಕ ಕಡತದಲ್ಲಿ ಏನು ನೋಡ್ಬೇಕು ಸರ್? ಬಿಲ್ ಎಲ್ಲಾ ನನ್ನ ಹತ್ರಾನೇ ಇದಾವೆ.

ಒಳಲೆಕ್ಕ
ಎರಡು ವರ್ಷದ ಬಿಲ್ಲುಗಳನ್ನ ದಿನಾಂಕದ ಪ್ರಕಾರ ಜೋಡಿಸಿ. ಮೊದಲು ಆರ್ಡರ್ ಮೊತ್ತ ನೋಡಿ. ಉದಾಹರಣೆಗೆ ಓನರ್ ಸಹಿ ಬೇಕಾಗೋ ಮಿತಿ 50,000 ಅಂತಿಟ್ಕೊಳ್ಳಿ. ಒಂದೇ ವಾರದಲ್ಲಿ 48,000, 49,500, 47,000 ಅಂತ ಮೂರು ಆರ್ಡರ್ ಇದ್ರೆ ಒಂದು ದೊಡ್ಡ ಆರ್ಡರನ್ನ ತುಂಡು ಮಾಡಿರೋ ಸಾಧ್ಯತೆ ಇದೆ. ಆಮೇಲೆ ಅವರ ಬಿಲ್ ನಂಬರ್. ಜನವರಿಯಲ್ಲಿ 112, ಫೆಬ್ರವರಿಯಲ್ಲಿ 113, ಮಾರ್ಚಲ್ಲಿ 114 ಅಂತ ಸಾಲಾಗಿ ಬಂದಿದ್ರೆ ಆ ಕಂಪನಿಗೆ ನೀವು ಬಿಟ್ರೆ ಬೇರೆ ಗಿರಾಕಿಯೇ ಇಲ್ಲದಿರಬಹುದು. ಕೊನೆಗೆ ಕೊಟೇಶನ್‌ಗಳು ಬಂದ ದಿನಾಂಕ. ಪ್ರತೀ ಸಲ ಇವರದ್ದೇ ಕೊನೆಗೆ ಬಂದು, ಪ್ರತೀ ಸಲ ಎರಡನೆಯವರಿಗಿಂತ ಒಂಚೂರೇ ಕಡಿಮೆ ಇದ್ರೆ ಬೇರೆಯವರ ದರ ಅವರಿಗೆ ಮೊದಲೇ ಗೊತ್ತಾಗ್ತಿದೆ ಅಂತ ಅನುಮಾನ ಪಡಬೇಕು.

ಆದ್ರೆ ಒಂದು ಮಾತು, ಇದು ಯಾವುದೂ ಸಾಕ್ಷಿ ಅಲ್ಲ, ಪ್ರಶ್ನೆ ಕೇಳೋಕೆ ಕಾರಣ ಅಷ್ಟೇ. ಬಿಲ್ ನಂಬರ್ ಸಾಲಾಗಿ ಬರೋಕೆ ಅವರು ನಿಮಗೇ ಅಂತ ಬೇರೆ ಬಿಲ್ ಪುಸ್ತಕ ಇಟ್ಟಿರೋದೂ ಕಾರಣ ಇರಬಹುದು.

ಗೋದಾಮು_ಗೆಳತಿ
ಇನ್ನೊಂದು ಸೇರಿಸ್ಲಾ? ಗೋದಾಮಲ್ಲಿ ಕೆಲಸ ಮಾಡೋಳಾಗಿ ಹೇಳ್ತೀನಿ, ಮಾಲು ಬಂದಾಗ ಎಣಿಸಿ ಸಹಿ ಹಾಕೋರು ಯಾರು ನೋಡಿ. ಆರ್ಡರ್ ಮಾಡಿದವರೇ ಬಂದು "ಸರಿ ಇದೆ ಇಳಿಸ್ಕೊಳ್ಳಿ" ಅಂತಿದ್ರೆ ಅಲ್ಲೇ ತೊಂದರೆ. ಬಾಕ್ಸ್ ಅಂದ್ರೆ ರಟ್ಟಿನ ದಪ್ಪ ಕಡಿಮೆ ಮಾಡಿ ಅದೇ ದರಕ್ಕೆ ಕೊಟ್ರೆ ಕಣ್ಣಿಗೆ ಗೊತ್ತಾಗಲ್ಲ, ಎತ್ತರಕ್ಕೆ ಜೋಡಿಸಿದಾಗ ಕೆಳಗಿನ ಸಾಲು ಕುಸಿದಾಗಲೇ ತಿಳಿಯೋದು. ಒಂದು ಬಾಕ್ಸ್ ತೂಕ ಹಾಕಿ ಮೊದಲ ಸ್ಯಾಂಪಲ್ ಜೊತೆ ಹೋಲಿಸಿ, ಐದು ನಿಮಿಷದ ಕೆಲಸ.

ಕಡತಗಾರ್ತಿ
ಇದು ತುಂಬಾ ಉಪಯೋಗ ಆಯ್ತು ಮೇಡಂ. ನಮ್ಮಲ್ಲಿ ಆರ್ಡರ್, ಮಾಲು ಇಳಿಸ್ಕೊಳ್ಳೋದು ಎರಡೂ ಅವರೇ. ಆದ್ರೆ ಅವರನ್ನ ದೂರ ಇಟ್ರೆ ಬಾಕ್ಸ್ ಬಗ್ಗೆ ಗೊತ್ತಿರೋರು ಬೇರೆ ಯಾರೂ ಇಲ್ಲ, ಅದೇ ಕಷ್ಟ.

ಒಳಲೆಕ್ಕ
ಪೂರ್ತಿ ದೂರ ಇಡಬೇಕಾಗಿಲ್ಲ. ಅವರಿಗೆ ಗೊತ್ತಿರೋದನ್ನ ತಗೊಳ್ಳಿ, ಆಯ್ಕೆಯನ್ನ ಬೇರೆಯವರಿಗೆ ಕೊಡಿ. ಮುಂದಿನ ತಿಂಗಳ ನವೀಕರಣವನ್ನೇ ತಗೊಳ್ಳೋಣ. ಬಾಕ್ಸ್ ಅಳತೆ, ದಪ್ಪ, ತೂಕ ಎಷ್ಟು ತಡೀಬೇಕು, ಎಷ್ಟು ದಿನಕ್ಕೆ ಬೇಕು ಅಂತ ಅವರು ಒಂದು ಪುಟ ಬರೆದು ಕೊಡಲಿ. ಅದು ಕೊಟೇಶನ್ ಕರೆಯೋ ಮೊದಲೇ ಆಗಬೇಕು, ಮತ್ತೆ ಎಲ್ಲಾ ಕಂಪನಿಗಳಿಗೂ ಅದೇ ಪುಟ ಹೋಗಬೇಕು. ಆಮೇಲೆ ಅವರ ಕೆಲಸ ಅಲ್ಲಿಗೆ ನಿಲ್ಲುತ್ತೆ. ಕೊಟೇಶನ್‌ಗಳು ಮುಚ್ಚಿದ ಲಕೋಟೆಯಲ್ಲೋ, ಓನರ್ ಒಬ್ಬರೇ ನೋಡೋ ಮೇಲ್‌ಗೋ ಬರಲಿ, ಕೊನೇ ದಿನ ನೀವು ಮತ್ತೆ ಓನರ್ ಇಬ್ಬರೂ ಕೂತು ಒಟ್ಟಿಗೆ ತೆರೀರಿ, ದರಗಳನ್ನ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬೇರೆ ಕಂಪನಿಯವರು ಅಳತೆ ಬಗ್ಗೆ ಸಂದೇಹ ಕೇಳಿದ್ರೆ ಅದು ನಿಮ್ಮ ಮೂಲಕ ಹೋಗಿ, ಉತ್ತರ ಎಲ್ಲರಿಗೂ ಹೋಗಬೇಕು. ಮಾಲು ಬಂದಾಗ ಎಣಿಕೆ ಬೇರೆಯವರದ್ದು, ಬಿಲ್ ಪಾಸ್ ಮಾಡೋದು ಲೆಕ್ಕಪತ್ರದವರದ್ದು.

ಹೀಗೆಲ್ಲಾ ಮಾಡಿದ ಮೇಲೂ ಭಾವಮೈದನ ಕಂಪನಿಯೇ ಗೆದ್ರೆ ಗೆಲ್ಲಲಿ. ಆಗ ಸ್ಕ್ರೀನ್‌ಶಾಟ್ ಕಳಿಸಿದವರಿಗೆ ತೋರಿಸೋಕೆ ನಿಮ್ಮ ಹತ್ರ ಹಾಳೆ ಇರುತ್ತೆ.

ನೇರಮಾತು
ಕೊನೇ ಸಾಲು ಒಪ್ತೀನಿ. ಉಳಿದದ್ದಕ್ಕೆ ನನ್ನ ಅಭಿಪ್ರಾಯ ಮೊದಲಿಂದೇ.

ಮೂರನೇ_ಮಹಡಿ
ಓನರ್ ವಿಷಯ ಯಾರೂ ಕೇಳ್ಲಿಲ್ವಲ್ಲ. ಅದೇ ಬಾಕ್ಸ್ ಕಂಪನಿ ಓನರ್‌ನ ಮ್ಯಾಚ್ ನೋಡೋಕೆ ಕರ್ಕೊಂಡು ಹೋದ್ರೆ? ನೌಕರರಿಗೆ ಪೆನ್ನು ಬೇಡ, ಓನರ್‌ಗೆ ಟಿಕೆಟ್ ಬೇಕು ಅಂದ್ರೆ ಸಂಹಿತೆ ಗೋಡೆ ಮೇಲಿನ ಕಾಗದ ಅಷ್ಟೇ.

ರಶೀದಿ_ಪುಸ್ತಕ
ಓನರ್ ದುಡ್ಡು, ಓನರ್ ಕಂಪನಿ. ಅವರು ತಮಗೇ ಮೋಸ ಮಾಡ್ಕೊಳ್ತಾರಾ?

ಒಳಲೆಕ್ಕ
ಇದರಲ್ಲಿ ರಶೀದಿಯವರ ಮಾತಲ್ಲೂ ನಿಜ ಇದೆ. ಒಬ್ಬರೇ ಮಾಲೀಕರಾದ್ರೆ ನಷ್ಟ ಅವರದ್ದೇ. ಪಾಲುದಾರರು ಇದ್ರೆ, ಸಾಲ ಕೊಟ್ಟೋರು ಇದ್ರೆ ಹಾಗಲ್ಲ. ಆದ್ರೆ ಬಂದ ಉಡುಗೊರೆಗಳನ್ನ ಬರೆದಿಡೋಕೆ ಒಂದು ರಿಜಿಸ್ಟರ್ ಇಡಿಸ್ತೀನಿ, ಅದರಲ್ಲಿ ಮೊದಲ ಸಾಲು ಓನರ್ ಹೆಸರಲ್ಲೇ ಬರಲಿ ಅಂತ ಪಟ್ಟು ಹಿಡೀತೀನಿ. ಹಾಗೆ ಮಾಡಿದ ಕಡೆ ಎರಡನೇ ಸಾಲು ತಾನಾಗೇ ತುಂಬುತ್ತೆ, ಮಾಡದ ಕಡೆ ರಿಜಿಸ್ಟರ್ ವರ್ಷವಿಡೀ ಖಾಲಿ ಇರೋದನ್ನ ನೋಡಿದೀನಿ. ಖಾಲಿ ರಿಜಿಸ್ಟರ್ ಅಂದ್ರೆ ಉಡುಗೊರೆ ಬಂದಿಲ್ಲ ಅಂತಲ್ಲ, ಯಾರೂ ಬರೀತಿಲ್ಲ ಅಂತ.

ಕಡತಗಾರ್ತಿ
ರಿಜಿಸ್ಟರ್‌ಗೆ ಸಾಫ್ಟ್‌ವೇರ್ ಏನಾದ್ರೂ ಬೇಕಾ?

ಒಳಲೆಕ್ಕ
ಬೇಡ, ಒಂದು ಎಕ್ಸೆಲ್ ಶೀಟ್ ಸಾಕು. ದಿನಾಂಕ, ಕೊಟ್ಟವರು, ತಗೊಂಡವರು, ಏನು, ಅಂದಾಜು ಬೆಲೆ, ಆ ಕಂಪನಿ ಜೊತೆ ಈಗ ಯಾವುದಾದ್ರೂ ತೀರ್ಮಾನ ಬಾಕಿ ಇದ್ಯಾ, ಏನು ಮಾಡಿದ್ವಿ. ಬೇಡ ಅಂತ ವಾಪಸ್ ಮಾಡಿದ್ದನ್ನೂ ಬರೀರಿ, ಅದನ್ನ ಎಲ್ರೂ ಬಿಟ್ಬಿಡ್ತಾರೆ. ಒಂದೇ ಸಪ್ಲೈಯರ್ ಮೂರು ಸಲ ಪ್ರಯತ್ನ ಮಾಡಿದ್ದಾರೆ ಅಂತ ಗೊತ್ತಾಗೋದು ಅದರಿಂದಲೇ. ಮನೆಗೆ ಕಳ್ಸಿದ್ದು, ಹೆಂಡತಿ ಮಕ್ಕಳಿಗೆ ಕೊಟ್ಟಿದ್ದು ಕೂಡ ನೌಕರರಿಗೆ ಕೊಟ್ಟಂತೇ. ಗಿಫ್ಟ್ ಕಾರ್ಡ್, ವೋಚರ್ ನಗದಿಗೆ ಸಮ, ಎಷ್ಟೇ ಚಿಕ್ಕದಾದ್ರೂ ಇಲ್ಲ.

ಸಂಜೆ_ಪಾಳಿ
ಸೋಶಿಯಲ್ ಮೀಡಿಯಾ ಬಗ್ಗೆ ನಂದೊಂದು ಅನುಭವ. ನಮ್ಮ ಹಳೇ ಕಂಪನೀಲಿ "ಕಂಪನಿ ಬಗ್ಗೆ ಕೆಟ್ಟದಾಗಿ ಏನೂ ಬರೀಬಾರದು" ಅಂತ ನಿಯಮ ಮಾಡಿದ್ರು. ನಾನು ಸಂಬಳ ತಡವಾಗಿದೆ ಅಂತ ಗೆಳತಿ ಹಾಕಿದ ಪೋಸ್ಟ್‌ಗೆ ಲೈಕ್ ಒತ್ತಿದ್ದಕ್ಕೆ ಕರೆದು ಬರೆಸಿಕೊಂಡ್ರು. ದಯವಿಟ್ಟು ಹಾಗೆ ಬರೀಬೇಡಿ. ಓವರ್‌ಟೈಮ್ ಬಗ್ಗೆ, ಸಂಬಳದ ಬಗ್ಗೆ ನಾವು ನಾವೇ ಮಾತಾಡೋದನ್ನ ತಡೆಯೋಕೆ ಇದನ್ನೇ ಬಳಸ್ತಾರೆ.

ಒಳಲೆಕ್ಕ
ನಿಮಗೆ ಮಾಡಿದ್ದು ತಪ್ಪು. ಕೆಲವು ದೇಶಗಳಲ್ಲಿ ಅಂಥ ನಿಯಮ ಕಾನೂನಿನ ಮುಂದೆ ನಿಲ್ಲೋದೂ ಇಲ್ಲ. ಅಮೆರಿಕದಲ್ಲಿ 1935ರ ಕಾರ್ಮಿಕ ಸಂಬಂಧ ಕಾಯ್ದೆ ಪ್ರಕಾರ ಹೆಚ್ಚಿನ ಖಾಸಗಿ ನೌಕರರಿಗೆ, ಯೂನಿಯನ್ ಇಲ್ಲದಿದ್ರೂ, ಸಂಬಳ ಕೆಲಸದ ಬಗ್ಗೆ ತಮ್ಮತಮ್ಮಲ್ಲಿ ಮಾತಾಡೋ ಹಕ್ಕಿದೆ, ಅದು ಆನ್‌ಲೈನ್‌ಗೂ ಸೇರುತ್ತೆ. ಕಡತಗಾರ್ತಿಯವರು ತಮ್ಮ ಕಡೆಯ ಕಾನೂನನ್ನ ಒಬ್ಬ ವಕೀಲರ ಹತ್ರ ಕೇಳಿಕೊಳ್ಳಲಿ.

ಗೋದಾಮು_ಗೆಳತಿ
ಹಾಗಾದ್ರೆ ಏನನ್ನ ಬೇಡ ಅನ್ನಬಹುದು? ನಮ್ಮಲ್ಲಿ ಒಬ್ಬ ಹುಡುಗ ಸೆಲ್ಫಿ ಹಾಕಿದ್ದ, ಹಿಂದಿನ ಬೋರ್ಡ್ ಮೇಲೆ ಗಿರಾಕಿಗಳ ಹೆಸರು, ರವಾನೆ ದಿನಾಂಕ ಎಲ್ಲಾ ಕಾಣ್ತಿತ್ತು. ಪಾಪ ಅವನಿಗೆ ಗೊತ್ತೇ ಇರಲಿಲ್ಲ.

ಮೂರನೇ_ಮಹಡಿ
ಅದನ್ನೇ ಹೆಸರಿಟ್ಟು ಬರೀಬೇಕು. "ಗೌಪ್ಯ ಮಾಹಿತಿ" ಅಂತ ಬರೆದ್ರೆ ಯಾರಿಗೂ ಅರ್ಥ ಆಗಲ್ಲ. ಗಿರಾಕಿ ಹೆಸರು, ದರಪಟ್ಟಿ, ಬಾಕಿ ಇರೋ ಕೊಟೇಶನ್, ಬೋರ್ಡು, ಕಂಪ್ಯೂಟರ್ ಪರದೆ, ಇವು ಫೋಟೋದಲ್ಲಿ ಬರಬಾರದು ಅಂತ ಬರೆದ್ರೆ ಯಾರಾದ್ರೂ ಪಾಲಿಸ್ತಾರೆ. ಇನ್ನೊಂದು, ನಮ್ಮ ಕಂಪನಿ ಮಾಲಿಗೆ ನಮ್ಮವರೇ ಐದು ಸ್ಟಾರ್ ರಿವ್ಯೂ ಹಾಕೋದು. ಹಾಕೋದಾದ್ರೆ ನಾನು ಇಲ್ಲಿ ಕೆಲಸ ಮಾಡ್ತೀನಿ ಅಂತ ಅದರಲ್ಲೇ ಹೇಳ್ಬೇಕು. ಓನರೇ "ಎಲ್ರೂ ಒಂದೊಂದು ಹಾಕಿ" ಅಂತ ಹೇಳೋ ಕಂಪನಿಗಳಿದಾವೆ, ಮೊದಲು ಅದನ್ನ ನಿಲ್ಲಿಸ್ಬೇಕು.

ರಶೀದಿ_ಪುಸ್ತಕ
ಸಪ್ಲೈಯರ್‌ಗೆ ಥ್ಯಾಂಕ್ಸ್ ಹೇಳೋ ಪೋಸ್ಟ್ ನಿಷೇಧ ಮಾಡ್ತೀರಾ ಹಾಗಾದ್ರೆ?

ಮೂರನೇ_ಮಹಡಿ
ಅದನ್ನ ನಿಷೇಧ ಮಾಡಿದ್ರೆ ಮುಂದಿನ ಸಲ ಹೆಡ್‌ಫೋನ್ ತಗೊಳ್ತಾರೆ, ಫೋಟೋ ಹಾಕಲ್ಲ ಅಷ್ಟೇ. ಈ ಕೇಸು ಹೊರಗೆ ಬಂದಿದ್ದೇ ಅವರು ಬಹಿರಂಗವಾಗಿ ಹಾಕಿದ್ರಿಂದ. ನನಗನ್ಸೋದು ಅವರಿಗೆ ತಪ್ಪು ಮಾಡ್ತಿದೀನಿ ಅಂತ ಅನಿಸೇ ಇರಲಿಲ್ಲ, ಅನಿಸಿದ್ರೆ ಸ್ಟೇಟಸ್ ಹಾಕ್ತಿದ್ರಾ?

ನೇರಮಾತು
ಹೆಡ್‌ಫೋನ್ ಹಾಕಿದ್ರು, ಭಾವಮೈದನ್ನ ಹಾಕಲಿಲ್ಲ. ಅದನ್ನೂ ಯೋಚಿಸಿ.

ಕಡತಗಾರ್ತಿ
ಎಲ್ಲರಿಗೂ ಧನ್ಯವಾದ. ಇವತ್ತು ಕೂತು ಬಿಲ್ ಜೋಡಿಸಿದೆ. ಆರ್ಡರ್ ತುಂಡು ಮಾಡಿರೋದು ಕಾಣಲಿಲ್ಲ, ಬಿಲ್ ನಂಬರ್ ಕೂಡ ದೂರ ದೂರ ಇದಾವೆ. ಆದ್ರೆ ಹೋದ ಸಲದ ಮೂರು ಕೊಟೇಶನಲ್ಲಿ ಇವರದ್ದು ಕೊನೇ ದಿನ ಬಂದಿದೆ, ವ್ಯತ್ಯಾಸ ತೀರಾ ಕಡಿಮೆ. ಅದರ ಹಿಂದಿನ ಸಲದ ಬೇರೆ ಕೊಟೇಶನ್‌ಗಳು ಕಡತದಲ್ಲೇ ಇಲ್ಲ, ಯಾರು ತೆಗೆದ್ರು ಇಟ್ಟಿರಲೇ ಇಲ್ವಾ ಗೊತ್ತಿಲ್ಲ.

ಕರಡಿನಲ್ಲಿ ಉಡುಗೊರೆ ಭಾಗ ಹೀಗೆ ಬರೆದಿದೀನಿ: "ಕೊಟೇಶನ್ ಕರೆದ ದಿನದಿಂದ ಆರ್ಡರ್ ಆಗುವವರೆಗೆ ಆ ಕಂಪನಿಗಳಿಂದ ಏನನ್ನೂ ಪಡೆಯುವಂತಿಲ್ಲ. ಉಳಿದ ಸಮಯದಲ್ಲಿ ಮಿತಿಯೊಳಗಿನದ್ದನ್ನು ಪಡೆದರೂ ಮೂರು ಕೆಲಸದ ದಿನದೊಳಗೆ ರಿಜಿಸ್ಟರಿನಲ್ಲಿ ಬರೆಯಬೇಕು. ಈ ನಿಯಮ ಮಾಲೀಕರಿಗೂ ಅನ್ವಯ." ಕೊನೇ ವಾಕ್ಯ ಓನರ್ ಇನ್ನೂ ಒಪ್ಪಿಲ್ಲ.

ಒಳಲೆಕ್ಕ
ಒಂದು ಕೊಟೇಶನ್‌ನಿಂದ ಏನೂ ತೀರ್ಮಾನ ಮಾಡಬೇಡಿ. ಆದ್ರೆ ಕಾಣದ ಕೊಟೇಶನ್ ವಿಷಯ ಓನರ್‌ಗೆ ಬರವಣಿಗೆಯಲ್ಲೇ ತಿಳಿಸಿ, ಇವತ್ತೇ. ಆ ಕಂಪನಿಗಳ ಹತ್ರ ಅವರು ಕಳ್ಸಿದ ಮೇಲ್ ಇರುತ್ತೆ, ಪ್ರತಿ ಕೇಳಿ ತರಿಸ್ಕೊಳ್ಳಿ. ಸಹೋದ್ಯೋಗಿಯನ್ನ ಕೂರಿಸಿ ಕೇಳೋದು ಅದಾದ ಮೇಲೆ.

ಗೋದಾಮು_ಗೆಳತಿ
ಹೆಡ್‌ಫೋನ್ ಏನಾಯ್ತು ಹಾಗಾದ್ರೆ?

ಕಡತಗಾರ್ತಿ
ಓನರ್ ಟೇಬಲ್ ಡ್ರಾಯರಲ್ಲಿದೆ ಮೇಡಂ. ನವೀಕರಣ ಬಾಕಿ ಇರೋದ್ರಿಂದ ಇಟ್ಕೊಳ್ಳೋಕಾಗಲ್ಲ ಅಂತ ಒಂದು ಪತ್ರ ಟೈಪ್ ಮಾಡ್ತಿದೀನಿ, ಸೋಮವಾರ ಪತ್ರದ ಜೊತೆ ವಾಪಸ್ ಹೋಗುತ್ತೆ.